ಯಾವ ಐಟಂ ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು: ಸ್ಟೇಷನರಿ ಹೋಲ್‌ಸೇಲ್ ಅಂಗಡಿಯ ಪಟ್ಟಿ ಕಡಿಮೆ ಮಾಡುವ ಲೆಕ್ಕ

ಸ್ಟೇಷನರಿ ಹೋಲ್‌ಸೇಲ್‌ನಲ್ಲಿ ಪಟ್ಟಿ ಬೆಳೆಯೋದು ಗೊತ್ತೇ ಆಗುವುದಿಲ್ಲ. ಕಂಪನಿಯವರು ಹೊಸ ಪೆನ್ ತಂದು ಸ್ಕೀಮ್ ಹೇಳುತ್ತಾರೆ, ಒಂದು ಪೆಟ್ಟಿಗೆ ಇಳಿಸಿಕೊಳ್ಳುತ್ತೇವೆ. ಒಬ್ಬ ಗಿರಾಕಿ ಹಸಿರು ಬಣ್ಣದ ಸ್ಕೆಚ್ ಪೆನ್ ಮಾತ್ರ ಬೇಕು ಎನ್ನುತ್ತಾನೆ, ಅದನ್ನೂ ತರಿಸುತ್ತೇವೆ. ನಾಲ್ಕೈದು ವರ್ಷದಲ್ಲಿ ಸಾವಿರಾರು ಐಟಂ ಆಗುತ್ತವೆ. ಗೋದಾಮು ತುಂಬಿರುತ್ತದೆ, ಆದರೆ ಮೇ ತಿಂಗಳಲ್ಲಿ 200 ಪೇಜಿನ ನೋಟ್‌ಬುಕ್ ತರಿಸಲು ಕೈಯಲ್ಲಿ ದುಡ್ಡಿರುವುದಿಲ್ಲ.

ಬಿಡಬೇಕಾದದ್ದು ಯಾವುದು ಅಂತ ಕೇಳಿದರೆ ಹೆಚ್ಚಿನವರು ಎರಡು ಉತ್ತರ ಕೊಡುತ್ತಾರೆ: "ಮಾರ್ಜಿನ್ ಕಡಿಮೆ ಇರೋದು", "ನಿಧಾನ ಹೋಗೋದು". ಎರಡನ್ನೂ ಒಂಟಿಯಾಗಿ ನಂಬಿದರೆ ತಪ್ಪು ಐಟಂಗೆ ಕತ್ತರಿ ಬೀಳುತ್ತದೆ. ಎರಡನ್ನೂ ಜೋಡಿಸಿ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ದಾವಣಗೆರೆಯಲ್ಲಿ ಕೂತು ಹರಿಹರ, ಹೊನ್ನಾಳಿ, ಜಗಳೂರಿನ ಚಿಲ್ಲರೆ ಅಂಗಡಿಗಳಿಗೆ ಮಾಲು ಕಳಿಸುವ ಒಂದು ಹೋಲ್‌ಸೇಲ್ ಅಂಗಡಿಯನ್ನು ಊಹಿಸಿಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಅಂಗಡಿಯ ಅಂಕಿಗಳನ್ನು ನಾನೇ ಹಾಕಿದ್ದೇನೆ. ನಿಮ್ಮ ಅಂಕಿ ಹಾಕಿಕೊಂಡರೂ ಕ್ರಮ ಇದೇ.

ಮೊದಲು ಪಟ್ಟಿಯನ್ನು ಸರಿ ಮಾಡಿ

ಲೆಕ್ಕಕ್ಕೆ ಕೈ ಹಾಕುವ ಮುಂಚೆ ಐಟಂ ಹೆಸರು ಮತ್ತು ಅಳತೆ ಸರಿಯಾಗಿರಬೇಕು. ಒಂದೇ ಜೆಲ್ ಪೆನ್ ಸಾಫ್ಟ್‌ವೇರ್‌ನಲ್ಲಿ ಮೂರು ಹೆಸರಲ್ಲಿ ಇರುವುದು ಸಾಮಾನ್ಯ. ಒಬ್ಬರು ‘ಜೆಲ್ ನೀಲಿ’ ಅಂತ ಹಾಕಿರುತ್ತಾರೆ, ಇನ್ನೊಬ್ಬರು ಕಂಪನಿ ಹೆಸರು ಹಾಕಿರುತ್ತಾರೆ. ಹೀಗಿದ್ದರೆ ಚೆನ್ನಾಗಿ ಓಡುವ ಐಟಂ ಮೂರು ನಿಧಾನದ ಐಟಂಗಳ ಹಾಗೆ ಕಾಣುತ್ತದೆ.

ಅಳತೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಖರೀದಿ ಗ್ರೋಸ್‌ನಲ್ಲಿ, ಮಾರಾಟ ಡಜನ್‌ನಲ್ಲಿ, ಎಣಿಕೆ ಪೀಸ್‌ನಲ್ಲಿ ಇದ್ದರೆ ಒಂದು ಗ್ರೋಸ್‌ನ ಬೆಲೆ ಒಂದು ಡಜನ್ ಮೇಲೆ ಕೂತುಬಿಡುತ್ತದೆ. ಮಾರ್ಜಿನ್ ಶೇ 60 ದಾಟಿದ ಐಟಂ ಅಥವಾ ದೊಡ್ಡ ನಷ್ಟ ತೋರಿಸುವ ಐಟಂ ಕಂಡರೆ ಮೊದಲು ಅಳತೆಯನ್ನೇ ಅನುಮಾನಿಸಿ. ಬಹಳ ಸಲ ತಪ್ಪು ಅಲ್ಲೇ ಸಿಗುತ್ತದೆ.

ಟ್ಯಾಲಿ ಇದ್ದರೆ Stock Summary ಮತ್ತು Movement Analysis ವರದಿಗಳನ್ನು ಪೂರ್ತಿ 12 ತಿಂಗಳಿಗೆ ತೆಗೆದು ಎಕ್ಸೆಲ್‌ಗೆ ಹಾಕಿಕೊಳ್ಳಿ. ಮೂರು ತಿಂಗಳ ಅಂಕಿ ನಮ್ಮ ವ್ಯಾಪಾರಕ್ಕೆ ಸಾಲುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ ನೋಡಿದರೆ ನೋಟ್‌ಬುಕ್ ದೇವರ ಹಾಗೆ ಕಾಣುತ್ತದೆ, ಪರೀಕ್ಷೆಯ ರೈಟಿಂಗ್ ಪ್ಯಾಡ್ ಸತ್ತ ಮಾಲಿನ ಹಾಗೆ ಕಾಣುತ್ತದೆ.

ಒಂದು ಪ್ಯಾಕ್ ಮಾರಿದರೆ ನಿಜವಾಗಿ ಉಳಿಯೋದೆಷ್ಟು

ಕಾಂಟ್ರಿಬ್ಯೂಷನ್ ಮಾರ್ಜಿನ್ ಅಂದರೆ ಇಷ್ಟೇ: ಕೈಗೆ ಬಂದ ಬೆಲೆಯಿಂದ, ಆ ಐಟಂ ಮಾರಿದ್ದಕ್ಕೇ ಆದ ಖರ್ಚನ್ನು ಕಳೆದರೆ ಉಳಿಯುವ ಹಣ. ಇಲ್ಲಿ ಅದನ್ನು ಉಳಿಕೆ ಅಂತ ಕರೆಯುತ್ತೇನೆ. ಅಂಗಡಿ ಬಾಡಿಗೆ, ಗುಮಾಸ್ತರ ಸಂಬಳ, ಕರೆಂಟ್ ಬಿಲ್ ಇದರಲ್ಲಿ ಸೇರುವುದಿಲ್ಲ. ಒಂದು ಪೆನ್ನನ್ನು ಪಟ್ಟಿಯಿಂದ ತೆಗೆದರೆ ಬಾಡಿಗೆ ಕಡಿಮೆ ಆಗುವುದಿಲ್ಲ, ಅಲ್ವಾ? ಬಾಡಿಗೆಯನ್ನು ಐಟಂಗಳ ಮೇಲೆ ಹಂಚಿ, ‘ಇದು ನಷ್ಟದ ಐಟಂ’ ಅಂತ ಬಿಟ್ಟರೆ, ಆ ಐಟಂ ಹೊರುತ್ತಿದ್ದ ಬಾಡಿಗೆ ಉಳಿದ ಐಟಂಗಳ ತಲೆ ಮೇಲೆ ಬೀಳುತ್ತದೆ. ಮುಂದಿನ ವರ್ಷ ಅವೂ ನಷ್ಟ ತೋರಿಸುತ್ತವೆ.

ಕೈಗೆ ಬಂದ ಬೆಲೆ ಅಂದರೆ ಜಿಎಸ್‌ಟಿ, ಬಿಲ್ ಡಿಸ್ಕೌಂಟ್, ಹತ್ತಕ್ಕೆ ಒಂದು ಫ್ರೀ ಅನ್ನುವಂಥ ಸ್ಕೀಮ್ ಎಲ್ಲ ಕಳೆದ ಮೇಲಿನದ್ದು. ಕಂಪನಿ ನಿಮಗೆ ಕೊಡುವ ಸ್ಕೀಮನ್ನು ಖರೀದಿ ಬೆಲೆಯಿಂದ ಕಳೆಯಿರಿ. ಆದರೆ ನಿಜವಾಗಿ ಬಂದದ್ದನ್ನು ಮಾತ್ರ. ವರ್ಷದ ಟಾರ್ಗೆಟ್ ಮುಟ್ಟಿದರೆ ಕೊಡುತ್ತೇವೆ ಎಂದ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ.

ಖರ್ಚಿನಲ್ಲಿ ಲಾರಿ ಬಾಡಿಗೆ, ಹಮಾಲಿ, ಲೈನ್ ಸೇಲ್ಸ್‌ಮನ್ ಕಮಿಷನ್, ಒಡೆದು ಸೋರಿ ಹೋಗುವ ಮಾಲು ಬರುತ್ತವೆ. ಜೊತೆಗೆ ಎಲ್ಲರೂ ಮರೆಯುವ ಒಂದು ಖರ್ಚಿದೆ: ಉದ್ರಿಯ ಬಡ್ಡಿ. ಎ4 ಪೇಪರ್ ನೋಡಿ. ಒಂದು ರೀಮನ್ನು ಜೆರಾಕ್ಸ್ ಅಂಗಡಿಗೆ ₹215ಕ್ಕೆ ಮಾರುತ್ತೀರಿ, ಕೊಂಡದ್ದು ₹209. ಆರು ರೂಪಾಯಿ ಇದೆ ಅನ್ನಿಸುತ್ತದೆ. ಆಟೋ ಮತ್ತು ಹಮಾಲಿಗೆ ₹4 ಹೋಯಿತು. ಗಿರಾಕಿ 60 ದಿನಕ್ಕೆ ದುಡ್ಡು ಕೊಡುತ್ತಾನೆ, ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ನೀವು ಶೇ 12 ಬಡ್ಡಿ ಕಟ್ಟುತ್ತೀರಿ. ₹215ಕ್ಕೆ 60 ದಿನದ ಬಡ್ಡಿ ₹4.24. ಕೊನೆಗೆ ಒಂದು ರೀಮಿಗೆ ಎರಡು ರೂಪಾಯಿಗೂ ಮಿಕ್ಕಿ ನಷ್ಟ. ತಿಂಗಳಿಗೆ 300 ರೀಮು ಹೋಗುತ್ತದೆ ಅಂತ ಹೆಮ್ಮೆ ಪಟ್ಟಷ್ಟೂ ನಷ್ಟ ದೊಡ್ಡದಾಗುತ್ತದೆ.

ಹಾಗಂತ ಎ4 ಬಿಡಬೇಕಾ? ಬೇಡ. ಇಲ್ಲಿ ಕೆಟ್ಟಿರುವುದು ಐಟಂ ಅಲ್ಲ, ಕೊಡುವ ರೀತಿ. ಅದೇ ಗಿರಾಕಿಗೆ 15 ದಿನದ ಉದ್ರಿ ಮಾತ್ರ ಅಂದರೆ ಬಡ್ಡಿ ಸುಮಾರು ಒಂದು ರೂಪಾಯಿಗೆ ಇಳಿಯುತ್ತದೆ, ರೀಮಿಗೆ ಒಂದು ರೂಪಾಯಿ ಉಳಿಯುತ್ತದೆ. ಅವನೇ ಬಂದು ಒಯ್ದರೆ ಆಟೋ ಖರ್ಚೂ ಉಳಿಯಿತು. ಜೋರಾಗಿ ಓಡುವ ಐಟಂನ ಉಳಿಕೆ ಮೈನಸ್ ಬಂದರೆ ಮೊದಲು ಬೆಲೆ, ಉದ್ರಿ, ಸಾಗಣೆ ಸರಿಪಡಿಸಿ. ಅದಾದ ಮೇಲೂ ಮೈನಸ್ಸೇ ಇದ್ದರೆ ಆಗ ಬಿಡುವ ಮಾತು.

ಜಿಎಸ್‌ಟಿ ಬಗ್ಗೆ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪನರ್, ಕ್ರೆಯಾನ್‌ಗಳಿಗೆ ತೆರಿಗೆ ಸೊನ್ನೆ ಆಯಿತು. ಜಾಮಿಟ್ರಿ ಬಾಕ್ಸ್ ಶೇ 5ಕ್ಕೆ ಬಂತು, ಪೆನ್ ಶೇ 18ರಲ್ಲೇ ಉಳಿಯಿತು. ಆ ದಿನದ ಹಿಂದಿನ ಮತ್ತು ಮುಂದಿನ ಬೆಲೆಗಳನ್ನು ತೆರಿಗೆ ಸೇರಿಸಿ ಹೋಲಿಸಿದರೆ ಲೆಕ್ಕ ಹಾಳಾಗುತ್ತದೆ. ಇನ್ನೊಂದು, ಸೊನ್ನೆ ತೆರಿಗೆಯ ಮಾಲಿಗಾಗಿ ನೀವು ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ ಸಿಗುವುದಿಲ್ಲ. ಆದ್ದರಿಂದ ನೋಟ್‌ಬುಕ್ ಸಾಗಣೆ, ಪ್ಯಾಕಿಂಗ್ ಮೇಲಿನ ತೆರಿಗೆಯನ್ನು ಅದರ ಖರ್ಚಿಗೇ ಸೇರಿಸಿ. ಪೆನ್‌ಗೆ ಸೇರಿಸಬೇಕಿಲ್ಲ.

ಮಾಲಿನ ಓಟ ಅಳೆಯುವುದು

ವರ್ಷದ ಮಾರಾಟವನ್ನು 12ರಿಂದ ಭಾಗಿಸಿದರೆ ತಿಂಗಳ ಓಟ ಸಿಗುತ್ತದೆ. ಸುಲಭ, ಆದರೆ ಮೂರು ಕಡೆ ಮೋಸ ಮಾಡುತ್ತದೆ.

ಮಾಲು ಇಲ್ಲದ ದಿನಗಳು ಮೊದಲನೆಯದು. ಒಂದು ಗ್ಲೂ ಸ್ಟಿಕ್ ವರ್ಷಕ್ಕೆ 60 ಪ್ಯಾಕ್ ಹೋಗಿದೆ ಅಂದುಕೊಳ್ಳಿ. ತಿಂಗಳಿಗೆ 5, ನಿಧಾನ ಅನ್ನಿಸುತ್ತದೆ. ಆದರೆ ಅದು ಸ್ಟಾಕಿನಲ್ಲಿ ಇದ್ದದ್ದೇ ಮೂರು ತಿಂಗಳು, ಉಳಿದ ಒಂಬತ್ತು ತಿಂಗಳು ಕಂಪನಿ ಕಳಿಸಿಲ್ಲ. ಹಾಗಾದರೆ ನಿಜವಾದ ಓಟ ತಿಂಗಳಿಗೆ 20. ಇಂಥ ಐಟಂ ಬಿಡುವ ಪಟ್ಟಿಗೆ ಬರಬಾರದು, ಜಾಸ್ತಿ ತರಿಸುವ ಪಟ್ಟಿಗೆ ಹೋಗಬೇಕು. ಅದಕ್ಕೇ ಮಾಲು ಇದ್ದ ತಿಂಗಳುಗಳಿಂದ ಮಾತ್ರ ಭಾಗಿಸಿ.

ಎರಡನೆಯದು ಒಂದೇ ದೊಡ್ಡ ಬಿಲ್. ಒಂದು ಶಾಲೆ ವಾರ್ಷಿಕೋತ್ಸವದ ಬಹುಮಾನಕ್ಕೆ 48 ಪೆನ್ ಸೆಟ್ ಒಯ್ದಿರುತ್ತದೆ. ವರದಿಯಲ್ಲಿ ತಿಂಗಳಿಗೆ 4 ಅಂತ ಬರುತ್ತದೆ, ಆದರೆ ಆ ಒಂದು ಬಿಲ್ ಬಿಟ್ಟರೆ ಯಾರೂ ಕೇಳಿಯೇ ಇಲ್ಲ. ಪ್ಯಾಕ್ ಎಣಿಸಿದಷ್ಟೇ ಮುಖ್ಯ, ಎಷ್ಟು ಬೇರೆ ಬೇರೆ ಅಂಗಡಿಗಳು ಕೊಂಡವು ಅಂತ ಎಣಿಸುವುದು. ನಾನಾದರೆ ಎಕ್ಸೆಲ್‌ನಲ್ಲಿ ಇದಕ್ಕೊಂದು ಕಾಲಂ ಕಡ್ಡಾಯ ಇಡುತ್ತೇನೆ. ವರ್ಷಕ್ಕೆ ಐದು ಗಿರಾಕಿಗಳೂ ಮುಟ್ಟದ ಐಟಂ ಆರ್ಡರ್ ಬಂದಾಗ ತರಿಸಿಕೊಡಬಹುದಾದ ಐಟಂ, ಸ್ಟಾಕ್ ಇಡಬೇಕಾದದ್ದಲ್ಲ.

ಮೂರನೆಯದು ಸೀಸನ್. ರೈಟಿಂಗ್ ಪ್ಯಾಡ್ ಜನವರಿಯಿಂದ ಮಾರ್ಚ್‌ವರೆಗೆ ಓಡುತ್ತದೆ, ಡೈರಿ ಡಿಸೆಂಬರ್ ಸುತ್ತ, ಲೆಕ್ಕದ ಪುಸ್ತಕ ದೀಪಾವಳಿಗೆ ಮತ್ತು ಏಪ್ರಿಲ್ ಒಂದಕ್ಕೆ. ಇವುಗಳ ತಿಂಗಳ ಸರಾಸರಿಗೆ ಅರ್ಥವೇ ಇಲ್ಲ. ಸೀಸನ್ ಮುಗಿದಾಗ ತಂದದ್ದರಲ್ಲಿ ಎಷ್ಟು ಉಳಿಯಿತು ಅಂತ ನೋಡಿ. 2026ರ ಡೈರಿ ಫೆಬ್ರವರಿಯಲ್ಲಿ ಉಳಿದರೆ ಅದು ರದ್ದಿ. ರೈಟಿಂಗ್ ಪ್ಯಾಡ್ ಉಳಿದರೆ ಮುಂದಿನ ಜನವರಿಗೂ ಹೋಗುತ್ತದೆ. ಎರಡನ್ನೂ ಒಂದೇ ಕಣ್ಣಲ್ಲಿ ನೋಡುವ ಹಾಗಿಲ್ಲ.

ಎರಡನ್ನೂ ಜೋಡಿಸುವುದು

ಈಗ ಉಳಿಕೆಯನ್ನು ವರ್ಷದ ಓಟದಿಂದ ಗುಣಿಸಿದರೆ ಆ ಐಟಂ ವರ್ಷಕ್ಕೆ ತಂದುಕೊಟ್ಟ ಹಣ ಸಿಗುತ್ತದೆ. ಅದನ್ನು ಆ ಐಟಂನಲ್ಲಿ ಕೂತಿರುವ ಸರಾಸರಿ ಸ್ಟಾಕಿನ ಬೆಲೆಯಿಂದ ಭಾಗಿಸಿ. ಸ್ಟಾಕಿನಲ್ಲಿ ಹಾಕಿದ ಒಂದೊಂದು ರೂಪಾಯಿ ವರ್ಷಕ್ಕೆ ಎಷ್ಟು ದುಡಿಯಿತು ಅಂತ ಗೊತ್ತಾಗುತ್ತದೆ. ಸರಾಸರಿ ಸ್ಟಾಕಿಗೆ 12 ತಿಂಗಳ ಕೊನೆಯ ಸ್ಟಾಕ್ ಕೂಡಿಸಿ 12ರಿಂದ ಭಾಗಿಸಿದರೆ ಸಾಕು. ಮಾರ್ಚ್ 31ರ ಸ್ಟಾಕ್ ಒಂದನ್ನೇ ಹಿಡಿಯಬೇಡಿ. ಶಾಲೆ ಸೀಸನ್‌ಗೆ ಮಾಲು ಇಳಿಯುವ ಹೊತ್ತಿಗೆ ಅದು ವರ್ಷದ ಸರಾಸರಿಗಿಂತ ಎಷ್ಟೋ ಜಾಸ್ತಿ ಇರಬಹುದು.

ಎಕ್ಸೆಲ್‌ನಲ್ಲಿ B ಕಾಲಂಗೆ ಕೈಗೆ ಬಂದ ಬೆಲೆ, Cಗೆ ಖರೀದಿ ಬೆಲೆ, Dಗೆ ಒಂದು ಪ್ಯಾಕಿನ ಇತರ ಖರ್ಚು, Eಗೆ ತಿಂಗಳ ಓಟ, Fಗೆ ಸರಾಸರಿ ಸ್ಟಾಕಿನ ಪ್ಯಾಕ್ ಸಂಖ್ಯೆ ಹಾಕಿ. ಆಮೇಲೆ G, H, I ಕಾಲಂಗಳಿಗೆ ಈ ಸೂತ್ರ:

```
G2:  =B2-C2-D2
H2:  =G2*E2*12
I2:  =H2/(F2*C2)
```

G ಒಂದು ಪ್ಯಾಕಿನ ಉಳಿಕೆ, H ವರ್ಷದ ಉಳಿಕೆ, I ಒಂದು ರೂಪಾಯಿಯ ದುಡಿಮೆ. ಸೀಸನ್ ಐಟಂಗಳಿಗೆ, ಕೆಲವು ತಿಂಗಳು ಮಾಲೇ ಇಲ್ಲದಿದ್ದ ಐಟಂಗಳಿಗೆ H2ನಲ್ಲಿ E2*12 ಬದಲು ವರ್ಷದ ಒಟ್ಟು ಮಾರಾಟವನ್ನೇ ಹಾಕಿ.

ನಮ್ಮ ದಾವಣಗೆರೆ ಅಂಗಡಿಯ ಪೆನ್ ವಿಭಾಗದಿಂದ ನಾಲ್ಕು ಐಟಂ ನೋಡೋಣ.

| ಐಟಂ | ಪ್ಯಾಕಿಗೆ ಉಳಿಕೆ | ತಿಂಗಳ ಓಟ | ವರ್ಷದ ಉಳಿಕೆ | ಸರಾಸರಿ ಸ್ಟಾಕ್ | ರೂಪಾಯಿಯ ದುಡಿಮೆ |
|---|---|---|---|---|---|
| ₹5ರ ಬಾಲ್ ಪೆನ್ | ₹3 | 900 | ₹32,400 | ₹29,250 | 1.11 |
| ಜೆಲ್ ಪೆನ್ ಎ | ₹7 | 250 | ₹21,000 | ₹15,750 | 1.33 |
| ಜೆಲ್ ಪೆನ್ ಬಿ | ₹8 | 20 | ₹1,920 | ₹5,580 | 0.34 |
| ಗ್ಲಿಟರ್ ಪೆನ್ ಸೆಟ್ | ₹30 | 6 | ₹2,160 | ₹11,760 | 0.18 |

ಬಾಲ್ ಪೆನ್ ಪ್ಯಾಕನ್ನು ₹70ಕ್ಕೆ ಮಾರಿದರೆ ಉಳಿಯೋದು ಮೂರೇ ರೂಪಾಯಿ, ಶೇ 4ರ ಆಸುಪಾಸು. ಗ್ಲಿಟರ್ ಸೆಟ್‌ನಲ್ಲಿ ₹120ಕ್ಕೆ ₹30, ಅಂದರೆ ಶೇ 25. ಮಾರ್ಜಿನ್ ಮಾತ್ರ ನೋಡುವವರು ಗ್ಲಿಟರ್ ಸೆಟ್ಟನ್ನು ಮೇಲೆ ಇಡುತ್ತಾರೆ. ಆದರೆ ಅದರಲ್ಲಿ ಕೂತ ಒಂದು ರೂಪಾಯಿ ವರ್ಷವಿಡೀ ದುಡಿದು 18 ಪೈಸೆ ತಂದಿದೆ. ಬಾಲ್ ಪೆನ್‌ನಲ್ಲಿ ಕೂತ ರೂಪಾಯಿ ತನ್ನ ಮೇಲೆ ಇನ್ನೊಂದು ರೂಪಾಯಿಯನ್ನೇ ತಂದಿದೆ. ಕೈಯಲ್ಲಿರುವ 140 ಗ್ಲಿಟರ್ ಸೆಟ್ ಖಾಲಿಯಾಗಲು 23 ತಿಂಗಳು ಬೇಕು. ಅಷ್ಟು ದಿನ ಇಟ್ಟರೆ ಜೆಲ್ ಇಂಕು ಒಣಗಲು ಶುರುವಾಗುತ್ತದೆ.

ಗೆರೆ ಎಲ್ಲಿ ಹಾಕೋದು? ಶೇ 12 ಬಡ್ಡಿಗೆ ದುಡ್ಡು ತಂದವರಿಗೆ 0.12 ಬಡ್ಡಿಗೇ ಹೋಯಿತು. ಒಣಗುವುದು, ಬಣ್ಣ ಮಾಸುವುದು, ಮಾದರಿ ಹಳತಾಗುವುದು, ಇಲಿ ಮತ್ತು ತೇವ, ಇವಕ್ಕೂ ಸ್ವಲ್ಪ ಬೇಕು. 0.30ಕ್ಕಿಂತ ಕೆಳಗಿರುವುದೆಲ್ಲ ವಿಚಾರಣೆಗೆ ಬರಲಿ ಎನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಸ್ವಲ್ಪ ಮೇಲಿದ್ದರೂ ತಿಂಗಳಿಗೆ ಒಟ್ಟು ₹200 ಕೂಡ ತರದ ಐಟಂ ಬರಲಿ. ಅದನ್ನೂ ಎಣಿಸಬೇಕು, ತರಿಸಬೇಕು, ರೇಟ್ ಪಟ್ಟಿಯಲ್ಲಿ ಬರೆಯಬೇಕು. ವಿಚಾರಣೆ ಅಂದೆ, ತೀರ್ಪು ಅಂದಿಲ್ಲ.

ಬಿಟ್ಟರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ

ಈ ಹಂತವನ್ನು ಯಾರೂ ಅವಸರದಲ್ಲಿ ದಾಟಬಾರದು. ಉಳಿಕೆ ಪ್ಲಸ್ ಇರುವ ಐಟಂ ಎಷ್ಟೇ ನಿಧಾನ ಇರಲಿ, ಬಿಟ್ಟ ಕೂಡಲೇ ಆ ಉಳಿಕೆ ಹೋಗುತ್ತದೆ. ಅದು ತುಂಬಿಕೊಳ್ಳುವುದು ಎರಡು ದಾರಿಯಲ್ಲಿ ಮಾತ್ರ. ಗಿರಾಕಿ ನಿಮ್ಮಲ್ಲೇ ಇರುವ ಇನ್ನೊಂದನ್ನು ಒಯ್ಯಬೇಕು, ಇಲ್ಲವೇ ಬಿಡುಗಡೆಯಾದ ದುಡ್ಡು ಬೇರೆ ಕಡೆ ದುಡಿಯಬೇಕು.

ಜೆಲ್ ಪೆನ್ ಬಿ ತೆಗೆದುಕೊಳ್ಳಿ. ಅದರಿಂದ ತಿಂಗಳಿಗೆ ₹160 ಬರುತ್ತಿದೆ. ಬಿಟ್ಟರೆ, 20 ಪ್ಯಾಕ್ ಕೇಳುವವರಲ್ಲಿ 16 ಪ್ಯಾಕಿನಷ್ಟು ಜನ ಎ ಒಯ್ಯುತ್ತಾರೆ ಅಂದುಕೊಳ್ಳೋಣ. ಪ್ಯಾಕಿಗೆ ₹7ರಂತೆ ₹112 ವಾಪಸ್ ಬಂತು. ತಿಂಗಳಿಗೆ ಕಳೆದುಕೊಂಡದ್ದು ₹48. ಇತ್ತ ₹5,580 ಬಿಡುಗಡೆಯಾಗಿ ಓವರ್‌ಡ್ರಾಫ್ಟ್ ಕಡಿಮೆ ಆದರೆ ತಿಂಗಳಿಗೆ ಸುಮಾರು ₹56 ಬಡ್ಡಿ ಉಳಿಯುತ್ತದೆ. ಎ ಜಾಸ್ತಿ ಓಡುವುದರಿಂದ ಅದರ ಸ್ಟಾಕ್ ಸ್ವಲ್ಪ ಏರಿಸಬೇಕಾಗುತ್ತದೆ, ಹಾಗಾಗಿ ಬಡ್ಡಿಯಲ್ಲಿ ಬರುವ ಲಾಭ ಪೂರ್ತಿ ನಿಲ್ಲುವುದಿಲ್ಲ. ಒಟ್ಟಿನಲ್ಲಿ ಹೆಚ್ಚು ಕಡಿಮೆ ಸಮ. ಇನ್ನು ಖಾಲಿಯಾದ ಜಾಗ, ಕಡಿಮೆಯಾದ ಕೆಲಸ ಸೇರಿಸಿದರೆ ಬಿಡುವ ಕಡೆ ತಕ್ಕಡಿ ವಾಲುತ್ತದೆ. ಆದರೆ 16ರ ಬದಲು 8 ಪ್ಯಾಕ್ ಮಾತ್ರ ತಿರುಗಿದರೆ ತಿಂಗಳಿಗೆ ₹104 ಹೋಗುತ್ತದೆ, ಆಗ ಬಿಡುವುದು ತಪ್ಪು. ಅಂದರೆ ಇಡೀ ತೀರ್ಮಾನ ‘ಎಷ್ಟು ಜನ ತಿರುಗುತ್ತಾರೆ’ ಅನ್ನುವುದರ ಮೇಲೆ ನಿಂತಿದೆ.

ಬಿಡುಗಡೆಯಾದ ದುಡ್ಡನ್ನು ಬಾಲ್ ಪೆನ್‌ಗೆ ಹಾಕಿದರೆ ರೂಪಾಯಿಗೆ 1.11 ಬರುತ್ತದೆ ಅಂತ ಹೇಳುವವರಿದ್ದಾರೆ. ಬಾಲ್ ಪೆನ್ ಕೇಳಿದವರಿಗೆ ಇಲ್ಲ ಎನ್ನುವ ಪರಿಸ್ಥಿತಿ ಇದ್ದರೆ ಮಾತ್ರ ಅದು ನಿಜ. ಕೇಳಿದವರಿಗೆಲ್ಲ ಈಗಲೇ ಕೊಡುತ್ತಿದ್ದರೆ, ಇನ್ನೂ ತಂದಿಟ್ಟ ಪೆನ್ ಸುಮ್ನೆ ಕೂರುತ್ತದೆ. ಅದಕ್ಕೇ ಲಾಭವನ್ನು ಬಡ್ಡಿ ಉಳಿತಾಯದ ಲೆಕ್ಕದಲ್ಲಿ ಹಿಡಿಯುವುದು ಸುರಕ್ಷಿತ.

ಎಷ್ಟು ಜನ ತಿರುಗುತ್ತಾರೆ ಅಂತ ತಿಳಿಯಲು ಪರೀಕ್ಷೆ ಮಾಡಿ. ಸೀಸನ್ ಇಲ್ಲದ ಒಂದು ತಿಂಗಳು ಆ ಐಟಂ ರೇಟ್ ಪಟ್ಟಿಯಲ್ಲಿ ಬೇಡ. ಯಾರಾದರೂ ಕೇಳಿದರೆ ಬದಲಿ ತೋರಿಸಿ, ಏನಾಯಿತು ಅಂತ ಕೌಂಟರ್ ಬಳಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಬದಲಿ ಒಯ್ದರು, ಅದೊಂದು ಬಿಟ್ಟು ಉಳಿದದ್ದು ಒಯ್ದರು, ಇಡೀ ಆರ್ಡರ್ ಬೇರೆಯವರಿಗೆ ಕೊಟ್ಟರು: ಮೂರರಲ್ಲಿ ಒಂದು. ಲೈನ್‌ಗೆ ಹೋಗುವ ಹುಡುಗರಿಗೂ ಇದನ್ನೇ ಹೇಳಿ.

ಮೂರನೆಯ ಉತ್ತರ ಬರುವ ಐಟಂಗಳು ಕೆಲವು ಇರುತ್ತವೆ. ಸ್ಟ್ಯಾಂಪ್ ಪ್ಯಾಡ್ ಇಂಕ್ ತಿಂಗಳಿಗೆ ನಾಲ್ಕೇ ಬಾಟಲಿ ಹೋಗಬಹುದು. ಆದರೆ ಕಚೇರಿಗಳಿಗೆ ಸಾಮಾನು ಒದಗಿಸುವ ಗಿರಾಕಿ ರಿಜಿಸ್ಟರ್, ಫೈಲು, ಟ್ಯಾಗು, ಇಂಕು ಎಲ್ಲ ಒಂದೇ ಕಡೆ ಸಿಗಲಿ ಅಂತಲೇ ನಿಮ್ಮ ಹತ್ತಿರ ಬರುತ್ತಾನೆ. ರಿಫಿಲ್ ಕೂಡ ಹೀಗೇ, ಅದು ಸಿಗದಿದ್ದರೆ ಆ ಪೆನ್ನನ್ನೇ ಅಂಗಡಿಯವರು ಬಿಡುತ್ತಾರೆ. 10ನೇ ನಂಬರ್ ಸ್ಟೇಪ್ಲರ್ ಇಟ್ಟುಕೊಂಡು ಅದರ ಪಿನ್ ಬಿಡುವುದಕ್ಕೆ ಅರ್ಥವಿಲ್ಲ. ಕೆಂಪು, ಹಸಿರು ಬಣ್ಣದ ಪೆನ್ನುಗಳನ್ನೂ ನೀಲಿಯ ಜೊತೆ ಒಂದೇ ಕುಟುಂಬವಾಗಿ ನೋಡಿ. ಕೆಂಪು ಮೇಷ್ಟ್ರುಗಳಿಗೆ ಬೇಕೇ ಬೇಕು. ಇವನ್ನೆಲ್ಲ ಇಟ್ಟುಕೊಳ್ಳಿ, ಆದರೆ ಸ್ಟಾಕ್ ಒಂದು ತಿಂಗಳಿನದ್ದಕ್ಕೆ ಇಳಿಸಿ. ಐಟಂ ಉಳಿಯಿತು, ದುಡ್ಡೂ ಬಿಡುಗಡೆಯಾಯಿತು.

ಒಂದು ಮಾತು: ‘ಇದು ದೊಡ್ಡ ಬಿಲ್‌ನಲ್ಲಿ ಬರುತ್ತೆ’ ಅನ್ನುವ ಕಾರಣಕ್ಕೇ ಯಾವುದನ್ನೂ ಉಳಿಸಬೇಡಿ. ದೊಡ್ಡ ಬಿಲ್‌ನಲ್ಲಿ ಎಲ್ಲವೂ ಇರುತ್ತದೆ. ಇಲ್ಲ ಎಂದಾಗ ಬಿಲ್ ತಪ್ಪಿತಾ ಅನ್ನುವುದೇ ಪ್ರಶ್ನೆ.

ಬಿಡುವ ಮಾಲನ್ನು ಖಾಲಿ ಮಾಡುವುದು

ತೀರ್ಮಾನ ಆದ ದಿನವೇ ಖರೀದಿ ನಿಲ್ಲಿಸಿ, ಸಾಫ್ಟ್‌ವೇರ್‌ನಲ್ಲಿ ಹೆಸರಿನ ಮುಂದೆ ಗುರುತು ಹಾಕಿ. ಇಲ್ಲದಿದ್ದರೆ ಸ್ಟಾಕ್ ಕಡಿಮೆ ಆಗಿದೆ ಅಂತ ಯಾರೋ ಮತ್ತೆ ಆರ್ಡರ್ ಹಾಕುತ್ತಾರೆ. ಕಂಪನಿಯ ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ತಗೊಳ್ಳುತ್ತೀರಾ, ಇಲ್ಲವೇ ಓಡುವ ಐಟಂಗೆ ಬದಲಾಯಿಸಿಕೊಡುತ್ತೀರಾ ಅಂತ ಕೇಳಿ. ಹೊಸ ಆರ್ಡರ್ ಕೊಡುವ ಹೊತ್ತಿನಲ್ಲಿ ಕೇಳಿದರೆ ಮಾತು ನಡೆಯುತ್ತದೆ.

ಗ್ಲಿಟರ್ ಸೆಟ್ ಖರೀದಿ ಬೆಲೆ ₹84. ಎಲ್ಲವನ್ನೂ ಒಂದೇ ಸಲ ಕಡಿಮೆ ಬೆಲೆಗೆ ಎಸೆಯುವ ಅಗತ್ಯವಿಲ್ಲ. ಮುಂದಿನ ಆರು ತಿಂಗಳಲ್ಲಿ ಹೇಗಿದ್ದರೂ 36 ಸೆಟ್ ಹಳೇ ಬೆಲೆಗೇ ಹೋಗುತ್ತವೆ. ಉಳಿದ 104 ಸೆಟ್ಟಿಗೆ ಡಜನ್ ಲೆಕ್ಕದಲ್ಲಿ ₹95ರಂತೆ ಬೆಲೆ ಕಟ್ಟಿ, ಬಹುಮಾನಕ್ಕೆ ಕೊಳ್ಳುವ ಶಾಲೆಗಳಿಗೆ, ಜಾತ್ರೆ ಅಂಗಡಿಯವರಿಗೆ ತೋರಿಸಿ. ಮೂರು ತಿಂಗಳಾದರೂ ಅಲುಗದಿದ್ದರೆ ₹84ಕ್ಕಿಂತ ಕೆಳಗೂ ಇಳಿಯಿರಿ. ಕೊಂಡಾಗ ಕೊಟ್ಟ ದುಡ್ಡು ಆಗಲೇ ಹೋಗಿದೆ. ಈಗಿನ ಪ್ರಶ್ನೆ, ಇವತ್ತು ಸಿಗುವ ₹70 ಒಳ್ಳೆಯದಾ, ಒಣಗಿದ ಮೇಲೆ ಸಿಗುವ ಸೊನ್ನೆ ಒಳ್ಳೆಯದಾ ಅನ್ನುವುದು.

ಬೇಸತ್ತು ಸುಮ್ನೆ ಹಂಚುವ ಮುಂಚೆ ತೆರಿಗೆ ನೋಡಿ. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ನಾಶ ಮಾಡಿದ, ಲೆಕ್ಕದಿಂದ ತೆಗೆದುಹಾಕಿದ, ಉಡುಗೊರೆಯಾಗಿ ಕೊಟ್ಟ ಮಾಲಿನ ಮೇಲೆ ತೆಗೆದುಕೊಂಡ ಕ್ರೆಡಿಟ್ಟನ್ನು ವಾಪಸ್ ಕಟ್ಟಬೇಕು. ಗ್ಲಿಟರ್ ಸೆಟ್ಟಿಗೆ ₹84ರ ಮೇಲೆ ಶೇ 18, ಅಂದರೆ ಸುಮಾರು ₹15. ಕಡಿಮೆ ಬೆಲೆಗಾದರೂ ಬಿಲ್ ಹಾಕಿ ಮಾರಿದರೆ ಕ್ರೆಡಿಟ್ ಉಳಿಯುತ್ತದೆ. ಲಾಟ್‌ನಲ್ಲಿ ಕೊಡುವ ಮುಂಚೆ ನಿಮ್ಮ ಆಡಿಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ.

ಖಾಲಿ ಮಾಡಲು ಕಾಲವೂ ಮುಖ್ಯ. ಶಾಲೆ ಸಾಮಾನನ್ನು ಏಪ್ರಿಲ್, ಮೇ ತಿಂಗಳಲ್ಲಿ ತಳ್ಳಿ, ಅಂಗಡಿಯವರು ದುಡ್ಡು ಹಾಕಲು ತಯಾರಿರುವ ಕಾಲ ಅದು. ಆಗಸ್ಟ್‌ನಲ್ಲಿ ಅದೇ ಮಾಲಿಗೆ ಅರ್ಧ ಬೆಲೆ ಕೇಳುತ್ತಾರೆ. ಬಿಡುವ ಮಾಲನ್ನು ಉದ್ರಿಗೆ ಕೊಡಲೇಬೇಡಿ. ದುಡ್ಡು ಬಿಡಿಸಿಕೊಳ್ಳಲು ಮಾರುತ್ತಿದ್ದೇವೆ, ಅದು ಇನ್ನೊಬ್ಬರ ಖಾತೆಯಲ್ಲಿ ಮತ್ತೆ ಸಿಕ್ಕಿಕೊಳ್ಳಬಾರದು.

ಮೂರು ತಿಂಗಳ ನಂತರ

ಒಂದೇ ಸಲ ಇಡೀ ಪಟ್ಟಿ ಕತ್ತರಿಸಬೇಡಿ. ಪೆನ್ನು, ಆಮೇಲೆ ಫೈಲು, ಆಮೇಲೆ ಆರ್ಟ್ ಸಾಮಾನು, ಹೀಗೆ ವಿಭಾಗ ವಿಭಾಗವಾಗಿ ಹೋಗಿ. ಪ್ರತಿ ವಿಭಾಗ ಮುಗಿದ ಮೂರು ತಿಂಗಳಿಗೆ ಆ ವಿಭಾಗದ ಒಟ್ಟು ಉಳಿಕೆಯನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ. ಸ್ಟಾಕ್ ಇಳಿದು ಉಳಿಕೆ ಹಾಗೇ ನಿಂತಿದ್ದರೆ ಗಿರಾಕಿಗಳು ಬದಲಿಗೆ ತಿರುಗಿದ್ದಾರೆ ಎಂದರ್ಥ. ಉಳಿಕೆ ಇಳಿದಿದ್ದರೆ ಬಿಟ್ಟ ಐಟಂ ಕೊಳ್ಳುತ್ತಿದ್ದ ಅಂಗಡಿಗಳ ಹೆಸರು ತೆಗೆದು, ಅವರ ಒಟ್ಟು ಬಿಲ್ ಎಷ್ಟು ಕಡಿಮೆ ಆಗಿದೆ ನೋಡಿ. ಆ ಅಂಗಡಿಗಳು ಬೇರೆ ಸಾಮಾನನ್ನೂ ಕಡಿಮೆ ಮಾಡಿದ್ದರೆ ಆ ಐಟಂ ವಾಪಸ್ ತನ್ನಿ, ಸಣ್ಣ ಸ್ಟಾಕ್‌ನಲ್ಲಿ.

ಹೊಸ ಐಟಂ ಒಳಗೆ ಬರುವಾಗ ಅದೇ ವಿಭಾಗದಿಂದ ಒಂದು ಹೊರಗೆ ಹೋಗಬೇಕು ಅನ್ನುವ ನಿಯಮ ಇಟ್ಟುಕೊಳ್ಳಿ. ಹೊಸದಕ್ಕೆ ಆರು ತಿಂಗಳ ಗಡುವು ಕೊಡಿ, ಗಡುವಿನ ತಾರೀಖನ್ನು ಖರೀದಿ ಬಿಲ್ ಮೇಲೇ ಬರೆದಿಡಿ. ಕಂಪನಿಯವರು ಸ್ಕೀಮ್ ಹೇಳಿದಾಗ ಶೇಕಡಾ ಮಾರ್ಜಿನ್ ಕೇಳುವುದರ ಜೊತೆಗೆ ಇನ್ನೊಂದು ಕೇಳಿ: ಕನಿಷ್ಠ ಎಷ್ಟು ಪೆಟ್ಟಿಗೆ ಇಳಿಸಿಕೊಳ್ಳಬೇಕು? ನಿಮ್ಮ ಅಂದಾಜಿನ ಓಟಕ್ಕೆ ಅದು ಮೂರು ತಿಂಗಳಿಗಿಂತ ಜಾಸ್ತಿ ಸ್ಟಾಕ್ ಆಗುವುದಾದರೆ, ಮಾರ್ಜಿನ್ ಎಷ್ಟೇ ಇರಲಿ, ಅರ್ಧ ಪೆಟ್ಟಿಗೆಗೆ ಒಪ್ಪಿದರೆ ಮಾತ್ರ ತಗೊಳ್ಳಿ.